ಬೆಲೆ ಇಳಿಸಿದರೆ ಗಲ್ಲಾ ತುಂಬುತ್ತದಾ? ಪರೀಕ್ಷೆಯಲ್ಲಿ ಕೈಕೊಡುವ ಒಂದು ಲೆಕ್ಕ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರವಿರಲಿ, ಬಿ.ಕಾಂ. ಇರಲಿ, ನೆಟ್ ಪರೀಕ್ಷೆಯೇ ಇರಲಿ, ಒಂದು ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಮಾರುವವರು ಬೆಲೆ ಇಳಿಸಿದರು, ಒಟ್ಟು ಆದಾಯ ಏನಾಯಿತು? ಇದಕ್ಕೆ ಎಲ್ಲರೂ ಬಾಯಿಪಾಠ ಮಾಡಿದ ಉತ್ತರ ಒಂದಿದೆ. ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಶೇ. 1 ಬದಲಾದರೆ ಬೇಡಿಕೆ ಶೇಕಡಾ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ, ಒಂದಕ್ಕಿಂತ ಜಾಸ್ತಿ ಇದ್ದರೆ ಆದಾಯ ಏರುತ್ತದೆ, ಕಡಿಮೆ ಇದ್ದರೆ ಇಳಿಯುತ್ತದೆ, ಸರಿಯಾಗಿ ಒಂದಾದರೆ ಹಾಗೇ ಇರುತ್ತದೆ.

ನಿಯಮ ಸರಿಯಾಗಿಯೇ ಇದೆ. ಆದರೆ ಬರೀ ಬಾಯಿಪಾಠ ಮಾಡಿದವರು ಎರಡು ಕಡೆ ಎಡವುತ್ತಾರೆ. ಪ್ರಶ್ನೆಯಲ್ಲಿ ಅಂಕಿ ಕೊಟ್ಟಾಗ ಆದಾಯ ಎಷ್ಟು ಏರಿತು ಅನ್ನುವುದನ್ನು ತಪ್ಪಾಗಿ ಲೆಕ್ಕ ಹಾಕುತ್ತಾರೆ. ಸ್ಥಿತಿಸ್ಥಾಪಕತ್ವ ಒಂದಕ್ಕಿಂತ ಸ್ವಲ್ಪವೇ ಜಾಸ್ತಿ ಇದ್ದು, ಬೆಲೆಯನ್ನು ತುಂಬಾ ಇಳಿಸಿದ ಪ್ರಶ್ನೆ ಬಂದಾಗ ಏರಿಕೆ ಇಳಿಕೆಯನ್ನೇ ಉಲ್ಟಾ ಬರೆಯುತ್ತಾರೆ. ಈ ಎರಡನೆಯದನ್ನು ತರಗತಿಯಲ್ಲಿ ಬಿಡಿಸಿ ಹೇಳುವುದು ಕಡಿಮೆ, ಹಾಗಾಗಿ ಇಲ್ಲಿ ಅದಕ್ಕೇ ಜಾಸ್ತಿ ಜಾಗ.

ಒಂದು ಕಂಪನಿ ನಾಟಕದ ಲೆಕ್ಕ ಇಟ್ಟುಕೊಳ್ಳೋಣ. ಜಾತ್ರೆಯಲ್ಲಿ ಟೆಂಟ್ ಹಾಕಿದ್ದಾರೆ, ಒಳಗೆ 400 ಕುರ್ಚಿ. ಟಿಕೆಟ್ ದರ ಮತ್ತು ಬರುವ ಜನರ ನಡುವಿನ ಸಂಬಂಧ ಹೀಗಿದೆ ಅಂದುಕೊಳ್ಳಿ:

```
Q = 600 − 2P
```

P ಅಂದರೆ ಟಿಕೆಟ್ ದರ, Q ಅಂದರೆ ಜನ. ದರ ಒಂದು ರೂಪಾಯಿ ಇಳಿದರೆ ಇಬ್ಬರು ಜಾಸ್ತಿ ಬರುತ್ತಾರೆ, ಅಷ್ಟೇ. ನಾಟಕವನ್ನೇ ಆರಿಸಿಕೊಳ್ಳಲು ಕಾರಣವಿದೆ. ಇನ್ನೊಬ್ಬ ಪ್ರೇಕ್ಷಕ ಒಳಗೆ ಬಂದು ಕೂತರೆ ಕಂಪನಿಗೆ ಹೊಸ ಖರ್ಚೇನೂ ಇಲ್ಲ. ಬಣ್ಣ ಹಚ್ಚಿಕೊಂಡವರಿಗೆ 200 ಜನ ಇದ್ದರೂ ಅದೇ ಸಂಬಳ, 300 ಇದ್ದರೂ ಅದೇ. ಹಾಗಾಗಿ ಇಲ್ಲಿ ಒಟ್ಟು ಆದಾಯವೊಂದನ್ನೇ ನೋಡಿದರೆ ಸಾಕು.

ದರ 200 ಇದ್ದಾಗ 200 ಜನ ಬರುತ್ತಾರೆ, ಗಲ್ಲಾಕ್ಕೆ 40,000 ರೂಪಾಯಿ. ಮಾಲೀಕರು ದರವನ್ನು 180ಕ್ಕೆ ಇಳಿಸುತ್ತಾರೆ, ಈಗ 240 ಜನ. ಆದಾಯ 43,200. ಇದು ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿ. ಹೇಗಿದ್ದರೂ 200 ಕೊಟ್ಟು ಬರುತ್ತಿದ್ದ ಆ 200 ಜನರಿಗೆ ತಲಾ 20 ರೂಪಾಯಿ ಸುಮ್ನೆ ಬಿಟ್ಟುಕೊಟ್ಟ ಹಾಗಾಯಿತು, ಅಂದರೆ 4,000 ಹೋಯಿತು. ಹೊಸದಾಗಿ ಬಂದ 40 ಜನ ತಲಾ 180 ಕೊಟ್ಟರು, 7,200 ಬಂತು. ಹೋದದ್ದಕ್ಕಿಂತ ಬಂದದ್ದು 3,200 ಜಾಸ್ತಿ.

ಈಗ ಅದೇ ಕಂಪನಿ, ಅದೇ ಜನ, ಆದರೆ ದರ ಈಗಾಗಲೇ 120 ಇದೆ. 360 ಜನ ಬರುತ್ತಿದ್ದಾರೆ, ಆದಾಯ 43,200. ಇನ್ನೂ 20 ಇಳಿಸಿ 100 ಮಾಡುತ್ತಾರೆ. ಈಗಲೂ 40 ಜನ ಹೊಸದಾಗಿ ಬರುತ್ತಾರೆ, ಟೆಂಟ್ ಭರ್ತಿ. ಆದರೆ ಈ ಸಲ 20 ರೂಪಾಯಿ ಬಿಟ್ಟುಕೊಟ್ಟದ್ದು 360 ಜನರಿಗೆ, ಅಂದರೆ 7,200 ಹೋಯಿತು, ಹೊಸಬರು ಕೊಟ್ಟದ್ದು 40 × 100, ಅಂದರೆ 4,000. ಆದಾಯ 40,000ಕ್ಕೆ ಇಳಿಯಿತು. ಕುರ್ಚಿ ಎಲ್ಲ ತುಂಬಿದೆ, ಗಲ್ಲಾ ಮಾತ್ರ ಹಗುರಾಗಿದೆ.

ಎರಡೂ ಸಲ ಇಳಿಸಿದ್ದು 20 ರೂಪಾಯಿ, ಹೊಸದಾಗಿ ಬಂದದ್ದು 40 ಜನ. ಆದರೂ ಫಲ ತದ್ವಿರುದ್ಧ. ಏಕೆಂದರೆ ಮೊದಲ ಸಲ 20 ರೂಪಾಯಿ ಅಂದರೆ ದರದ ಶೇ. 10, 40 ಜನ ಅಂದರೆ ಇದ್ದವರ ಶೇ. 20. ಭಾಗಿಸಿದರೆ ಸ್ಥಿತಿಸ್ಥಾಪಕತ್ವ 2. ಎರಡನೇ ಸಲ 20 ರೂಪಾಯಿ ಅಂದರೆ ದರದ ಆರನೇ ಒಂದು ಭಾಗ, 40 ಜನ ಅಂದರೆ 360ರ ಒಂಬತ್ತನೇ ಒಂದು ಭಾಗ, ಸ್ಥಿತಿಸ್ಥಾಪಕತ್ವ ಸುಮಾರು 0.67. ಸ್ಥಿತಿಸ್ಥಾಪಕತ್ವ ಅನ್ನುವುದು ಶೇಕಡಾ ಲೆಕ್ಕ, ರೂಪಾಯಿ ಮತ್ತು ತಲೆಗಳ ಲೆಕ್ಕ ಅಲ್ಲ. ಬೇಡಿಕೆ ರೇಖೆಯ ಓರೆ ಎಲ್ಲ ಕಡೆ ಒಂದೇ ಆಗಿದ್ದರೂ ಸ್ಥಿತಿಸ್ಥಾಪಕತ್ವ ಮೇಲಿಂದ ಕೆಳಕ್ಕೆ ಬರುತ್ತ ಕಡಿಮೆಯಾಗುತ್ತ ಹೋಗುವುದು ಇದೇ ಕಾರಣಕ್ಕೆ. "ರೇಖೆ ಚಪ್ಪಟೆಯಾಗಿದೆ, ಹಾಗಾಗಿ ಸ್ಥಿತಿಸ್ಥಾಪಕ ಬೇಡಿಕೆ" ಅಂತ ಚಿತ್ರ ನೋಡಿ ಬರೆಯುವವರಿಗೆ ಅಂಕ ಹೋಗುವುದೂ ಇಲ್ಲೇ.

ನಮ್ಮ ರೇಖೆಯ ಮೇಲೆ ದರ 300 ಆದರೆ ಯಾರೂ ಬರುವುದಿಲ್ಲ. ಪುಕ್ಕಟೆ ಅಂದರೆ 600 ಜನ ಬರಲು ತಯಾರಿದ್ದಾರೆ, ಕುರ್ಚಿ ಇಲ್ಲ ಅನ್ನುವುದು ಬೇರೆ ಮಾತು. ಸರಳ ರೇಖೆಯ ಸರಿ ಮಧ್ಯದಲ್ಲಿ, ಅಂದರೆ ದರ 150, ಜನ 300 ಇರುವ ಕಡೆ, ಸ್ಥಿತಿಸ್ಥಾಪಕತ್ವ ಸರಿಯಾಗಿ 1. ಅಲ್ಲಿ ಆದಾಯ 45,000, ಈ ನಾಟಕಕ್ಕೆ ಅದೇ ಗರಿಷ್ಠ. ಮೇಲಿನ ಅರ್ಧದಲ್ಲಿ ದರ ಇಳಿಸಿದರೆ ಆದಾಯ ಏರುತ್ತದೆ, ಕೆಳಗಿನ ಅರ್ಧದಲ್ಲಿ ಇಳಿಸಿದರೆ ಬೀಳುತ್ತದೆ. ಬಿಂದು ವಿಧಾನದಲ್ಲಿ ಕೆಳಭಾಗದ ಉದ್ದವನ್ನು ಮೇಲ್ಭಾಗದ ಉದ್ದದಿಂದ ಭಾಗಿಸಿ ಅಂತ ಕಲಿಸುತ್ತಾರಲ್ಲ, ಅದೂ ಇದನ್ನೇ ಹೇಳುತ್ತದೆ. ಮಧ್ಯದಲ್ಲಿ ಎರಡೂ ಉದ್ದ ಸಮ, ಉತ್ತರ ಒಂದು.

ಇಲ್ಲಿಯವರೆಗೆ ಎಲ್ಲ ಸಲೀಸು. ಈಗ ಪೆಟ್ಟು ಕೊಡುವ ಪ್ರಶ್ನೆ ನೋಡಿ. ದರ 160 ಇದೆ, 280 ಜನ ಬರುತ್ತಾರೆ, ಆದಾಯ 44,800. ದರವನ್ನು 130ಕ್ಕೆ ಇಳಿಸಿದರು, 340 ಜನ ಬಂದರು. ಸ್ಥಿತಿಸ್ಥಾಪಕತ್ವ ಕಂಡುಹಿಡಿದು ಒಟ್ಟು ಆದಾಯ ಏನಾಯಿತು ತಿಳಿಸಿ.

ಶೇಕಡಾವಾರು ವಿಧಾನದಲ್ಲಿ ಹೋದರೆ ದರ ಇಳಿದದ್ದು 160ಕ್ಕೆ 30, ಅಂದರೆ ಶೇ. 18.75. ಜನ ಏರಿದ್ದು 280ಕ್ಕೆ 60, ಅಂದರೆ ಸುಮಾರು ಶೇ. 21.43. ಭಾಗಿಸಿದರೆ 1.14. ಒಂದಕ್ಕಿಂತ ಜಾಸ್ತಿ, ಹಾಗಾಗಿ ಆದಾಯ ಏರಿತು ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಆದರೆ 130 × 340 ಗುಣಿಸಿ ನೋಡಿ, 44,200. ಆದಾಯ 600 ರೂಪಾಯಿ ಇಳಿದಿದೆ!

ನಿಯಮ ಸುಳ್ಳಾಯಿತಾ? ಇಲ್ಲ. ಆ ನಿಯಮ ಇರುವುದು ಬೆಲೆಯ ಸಣ್ಣ ಬದಲಾವಣೆಗೆ. ಪಠ್ಯಪುಸ್ತಕದಲ್ಲಿ ಇದನ್ನು ಸಾಧಿಸುವಾಗ ಬೆಲೆಯ ಬದಲಾವಣೆ ಮತ್ತು ಪ್ರಮಾಣದ ಬದಲಾವಣೆಯನ್ನು ಗುಣಿಸಿದಾಗ ಬರುವ ತುಣುಕು ತೀರಾ ಚಿಕ್ಕದು ಅಂತ ಕೈಬಿಡುತ್ತಾರೆ. ಬದಲಾವಣೆ ಸಣ್ಣದಿದ್ದಾಗ ಅದು ನಿಜಕ್ಕೂ ಚಿಕ್ಕದೇ. ಇಲ್ಲಿ ಮಾತ್ರ ಅದು 30 × 60, ಅಂದರೆ 1,800 ರೂಪಾಯಿ. ಅದನ್ನು ಬಿಟ್ಟರೆ 1,200 ಲಾಭದಂತೆ ಕಾಣುವುದು, ಸೇರಿಸಿದರೆ 600 ನಷ್ಟ.

ನಾಟಕದ ಭಾಷೆಯಲ್ಲಿ ಹೇಳುವುದಾದರೆ, ಹೊಸದಾಗಿ ಬಂದ 60 ಜನ ಹಳೆಯ ದರ 160 ಕೊಡುವುದಿಲ್ಲ, ಹೊಸ ದರ 130 ಕೊಡುತ್ತಾರೆ. ಶೇಕಡಾವಾರು ವಿಧಾನ ಈ ವ್ಯತ್ಯಾಸವನ್ನು ನೋಡುವುದೇ ಇಲ್ಲ, ಎಲ್ಲವನ್ನೂ ಹಳೆಯ ದರ ಮತ್ತು ಹಳೆಯ ಜನಸಂಖ್ಯೆಯಿಂದ ಅಳೆಯುತ್ತದೆ. ಬಂದದ್ದು 60 × 130 = 7,800, ಹೋದದ್ದು 280 × 30 = 8,400. ಬಂದದ್ದನ್ನು ಹೋದದ್ದರಿಂದ ಭಾಗಿಸಿದರೆ ಸಿಗುವುದು ಸ್ಥಿತಿಸ್ಥಾಪಕತ್ವ ಅಲ್ಲ, ಹೊಸ ದರವನ್ನು ಹಳೆಯ ದರದಿಂದ ಭಾಗಿಸಿದಾಗ ಬರುವ ಸಂಖ್ಯೆಯಿಂದ ಸ್ಥಿತಿಸ್ಥಾಪಕತ್ವವನ್ನು ಗುಣಿಸಿದಷ್ಟು. ಹಾಗಾಗಿ ಶೇಕಡಾವಾರು ವಿಧಾನದಲ್ಲಿ ಬಂದ ಉತ್ತರವನ್ನು ಒಂದರ ಜೊತೆ ಹೋಲಿಸಿದರೆ ಸಾಲದು, ಹೋಲಿಸಬೇಕಾದ್ದು ಇದರ ಜೊತೆ:

```
e > P1 / P2   ಆದರೆ ಆದಾಯ ಏರುತ್ತದೆ
e = P1 / P2   ಆದರೆ ಬದಲಾಗುವುದಿಲ್ಲ
e < P1 / P2   ಆದರೆ ಇಳಿಯುತ್ತದೆ
```

e ಅಂದರೆ ಶೇಕಡಾವಾರು ವಿಧಾನದಲ್ಲಿ ಬಂದ ಸ್ಥಿತಿಸ್ಥಾಪಕತ್ವ, P1 ಹಳೆಯ ಬೆಲೆ, P2 ಹೊಸ ಬೆಲೆ. ನಮ್ಮ ಪ್ರಶ್ನೆಯಲ್ಲಿ 160 ಭಾಗಿಸು 130, ಅಂದರೆ 1.23. ನಮಗೆ ಬಂದದ್ದು 1.14. ಸಾಲಲಿಲ್ಲ, ಆದಾಯ ಬಿತ್ತು. ಬೆಲೆಯನ್ನು ಶೇ. 10 ಇಳಿಸುವುದಾದರೆ ಗಡಿ ಸುಮಾರು 1.11, ಶೇ. 20 ಇಳಿಸಿದರೆ 1.25, ಅರ್ಧಕ್ಕೆ ಅರ್ಧ ಇಳಿಸಿದರೆ 2. ಅಂದರೆ ಅರ್ಧ ಬೆಲೆಗೆ ಮಾರಿದಾಗ ಆದಾಯ ಉಳಿಯಬೇಕಾದರೆ ಗಿರಾಕಿ ದುಪ್ಪಟ್ಟಾಗಬೇಕು. ಇದಕ್ಕೆ ಯಾವ ಸೂತ್ರವೂ ಬೇಡ, ಅಂಗಡಿಯಲ್ಲಿ ಕೂತ ಯಾರಿಗಾದರೂ ಗೊತ್ತು.

ಅದೇ 160 ದರವನ್ನು 130 ಬದಲು 140ಕ್ಕೆ ಇಳಿಸಿದ್ದರೆ? 320 ಜನ, ಆದಾಯ 44,800. ಒಂದು ರೂಪಾಯಿಯೂ ಆಚೀಚೆ ಆಗಲಿಲ್ಲ. 150ಕ್ಕೆ ನಿಲ್ಲಿಸಿದ್ದರೆ 45,000 ಬರುತ್ತಿತ್ತು. 160ರಲ್ಲಿ ನಿಂತು ನೋಡುವಾಗ ಬೇಡಿಕೆ ಸ್ಥಿತಿಸ್ಥಾಪಕವೇ, ಮೊದಲ ಹತ್ತು ರೂಪಾಯಿ ಇಳಿಸುವವರೆಗೆ ಆದಾಯ ಏರಿತು ಕೂಡ. ಅಲ್ಲಿಂದ ಮುಂದೆ ಇಳಿಸಿದ ಇಪ್ಪತ್ತು ರೂಪಾಯಿ ಆ ಏರಿಕೆಯನ್ನೂ ತಿಂದು ಮತ್ತಷ್ಟು ತಿಂದಿತು.

ಇದನ್ನು ತಪ್ಪಿಸಲು ಮಧ್ಯಬಿಂದು ವಿಧಾನ ಇದೆ, ಚಾಪ ಸ್ಥಿತಿಸ್ಥಾಪಕತ್ವ ಅಂತಲೂ ಕರೆಯುತ್ತಾರೆ. ಅಲ್ಲಿ ಬದಲಾವಣೆಯನ್ನು ಹಳೆಯ ಅಂಕಿಯಿಂದ ಭಾಗಿಸುವ ಬದಲು ಹಳೆಯದು ಮತ್ತು ಹೊಸದರ ಸರಾಸರಿಯಿಂದ ಭಾಗಿಸುತ್ತಾರೆ. 160 ಮತ್ತು 130ರ ಸರಾಸರಿ 145, 280 ಮತ್ತು 340ರ ಸರಾಸರಿ 310. 60ನ್ನು 310ರಿಂದ ಭಾಗಿಸಿದರೆ 0.194, 30ನ್ನು 145ರಿಂದ ಭಾಗಿಸಿದರೆ 0.207. ಸ್ಥಿತಿಸ್ಥಾಪಕತ್ವ ಸುಮಾರು 0.94. ಒಂದಕ್ಕಿಂತ ಕಡಿಮೆ, ಆದಾಯವೂ ಇಳಿದಿದೆ, ಎರಡೂ ತಾಳೆಯಾಯಿತು. ಇದು ಈ ಲೆಕ್ಕಕ್ಕೆ ಮಾತ್ರ ಒದಗಿದ ಅದೃಷ್ಟ ಅಲ್ಲ. ಆದಾಯದ ವ್ಯತ್ಯಾಸ ಯಾವಾಗಲೂ ಸರಾಸರಿ ಬೆಲೆ ಗುಣಿಸು ಪ್ರಮಾಣದ ಬದಲಾವಣೆ, ಅದಕ್ಕೆ ಸರಾಸರಿ ಪ್ರಮಾಣ ಗುಣಿಸು ಬೆಲೆಯ ಬದಲಾವಣೆ ಸೇರಿಸಿದಷ್ಟೇ ಇರುತ್ತದೆ, ಒಂದು ಪೈಸೆಯೂ ಬಿಟ್ಟುಹೋಗುವುದಿಲ್ಲ. ಹಾಗಾಗಿ ಮಧ್ಯಬಿಂದು ವಿಧಾನದ ಉತ್ತರವನ್ನು ಒಂದರ ಜೊತೆ ಹೋಲಿಸಿದರೆ ಬದಲಾವಣೆ ಎಷ್ಟೇ ದೊಡ್ಡದಿರಲಿ, ನಿಯಮ ಕೈಕೊಡುವುದಿಲ್ಲ.

ಹಾಗಂತ ಪರೀಕ್ಷೆಯಲ್ಲಿ ಎಲ್ಲದಕ್ಕೂ ಮಧ್ಯಬಿಂದು ಹಾಕಬೇಡಿ. ಶೇಕಡಾವಾರು ವಿಧಾನದಲ್ಲಿ ಕಂಡುಹಿಡಿಯಿರಿ ಅಂತ ಕೇಳಿದರೆ ಅದನ್ನೇ ಮಾಡಬೇಕು, ಇಲ್ಲದಿದ್ದರೆ ಉತ್ತರ ಕೀ ಉತ್ತರದ ಜೊತೆ ಹೊಂದುವುದಿಲ್ಲ. ಬೆಲೆ 10ರಿಂದ 8ಕ್ಕೆ ಇಳಿದು ಬೇಡಿಕೆ 100ರಿಂದ 125ಕ್ಕೆ ಏರಿತು ಅನ್ನಿ. ಶೇಕಡಾವಾರು ವಿಧಾನ ಕೊಡುವ ಉತ್ತರ 1.25. ಒಟ್ಟು ವೆಚ್ಚ ವಿಧಾನದಲ್ಲಿ ನೋಡಿದರೆ ಮೊದಲೂ 1,000, ಆಮೇಲೂ 1,000, ಹಾಗಾಗಿ ಸ್ಥಿತಿಸ್ಥಾಪಕತ್ವ ಒಂದು. ಒಂದೇ ಅಂಕಿಗೆ ಎರಡು ಉತ್ತರ, ಯಾವ ವಿಧಾನ ಕೇಳಿದ್ದಾರೆ ಅನ್ನುವುದರ ಮೇಲೆ ಎರಡೂ ಸರಿ. ಆದರೆ ಆದಾಯ ಏರಿತಾ ಇಳಿಯಿತಾ ಅಂತ ಕೇಳಿದಾಗ ಮಾತ್ರ, ಬೆಲೆ ಮತ್ತು ಪ್ರಮಾಣ ಎರಡೂ ಕೊಟ್ಟಿದ್ದರೆ, ಸ್ಥಿತಿಸ್ಥಾಪಕತ್ವದ ಮೂಲಕ ಸುತ್ತಿ ಬರುವ ಅಗತ್ಯವೇ ಇಲ್ಲ. ಎರಡು ಗುಣಾಕಾರ ಮಾಡಿ, ಹೋಲಿಸಿ, ಬರೆಯಿರಿ. ನೇರ ದಾರಿ ಇರುವಾಗ ಊರು ಸುತ್ತುವುದು ಯಾಕೆ?

ಪ್ರಮಾಣ ಕೊಡದೆ ಶೇಕಡಾ ಮಾತ್ರ ಕೊಡುವ ಪ್ರಶ್ನೆಗಳಲ್ಲಿ ಇನ್ನೊಂದು ಗುಂಡಿ ಇದೆ. ಸ್ಥಿತಿಸ್ಥಾಪಕತ್ವ −1.5, ಬೆಲೆ ಶೇ. 10 ಇಳಿಯಿತು, ಒಟ್ಟು ಆದಾಯ ಶೇಕಡಾ ಎಷ್ಟು ಬದಲಾಯಿತು? ಪ್ರಮಾಣ ಶೇ. 15 ಏರುತ್ತದೆ, ಅಲ್ಲಿಯವರೆಗೆ ಸರಿ. ಆಮೇಲೆ 15ರಲ್ಲಿ 10 ಕಳೆದು ಶೇ. 5 ಅಂತ ಬರೆಯುತ್ತಾರೆ. ಬಹು ಆಯ್ಕೆಯ ಪ್ರಶ್ನೆಯಾದರೆ ಆ 5 ಆಯ್ಕೆಗಳಲ್ಲಿ ಕೂತು ಕಾಯುತ್ತಿರುತ್ತದೆ. ಸರಿಯಾಗಿ ಮಾಡಬೇಕಾದ್ದು 0.90 × 1.15 = 1.035, ಅಂದರೆ ಏರಿಕೆ ಶೇ. 3.5. ಹೋದ ಒಂದೂವರೆ ಎಲ್ಲಿ ಹೋಯಿತು ಅಂದರೆ, ಅದು ಆಗಲೇ ಹೇಳಿದ ಅದೇ ತುಣುಕು, 10ರ ಶೇ. 15. ಪ್ರಶ್ನೆಯಲ್ಲೇ "ಸುಮಾರು" ಅಂತ ಇದ್ದು 3.5 ಆಯ್ಕೆಯಲ್ಲಿ ಇಲ್ಲದಿದ್ದರೆ ಮಾತ್ರ 5ಕ್ಕೆ ಟಿಕ್ ಹಾಕಿ.

ಋಣ ಚಿಹ್ನೆಯ ಬಗ್ಗೆಯೂ ಒಂದು ಮಾತು. ಬೆಲೆ ಇಳಿದರೆ ಬೇಡಿಕೆ ಏರುವುದರಿಂದ ಬೆಲೆ ಸ್ಥಿತಿಸ್ಥಾಪಕತ್ವ ಸಾಮಾನ್ಯವಾಗಿ ಋಣ ಸಂಖ್ಯೆಯೇ. ಒಂದರ ಜೊತೆ ಹೋಲಿಸುವಾಗ ಚಿಹ್ನೆ ಬಿಟ್ಟು ನೋಡಬೇಕು. −2 ಅನ್ನುವುದು −0.5ಕ್ಕಿಂತ ಚಿಕ್ಕ ಸಂಖ್ಯೆ, ಆದರೆ ಹೆಚ್ಚು ಸ್ಥಿತಿಸ್ಥಾಪಕ. ಅವಸರದಲ್ಲಿ "−2 ಒಂದಕ್ಕಿಂತ ಕಡಿಮೆ, ಹಾಗಾಗಿ ಅಸ್ಥಿತಿಸ್ಥಾಪಕ" ಅಂತ ಬರೆದು ಬಂದವರು ಇದ್ದಾರೆ, ಲೆಕ್ಕ ಎಲ್ಲ ಸರಿ ಮಾಡಿ ಕೊನೆಯ ಸಾಲಿನಲ್ಲಿ.

ಪ್ರಶ್ನೆ ಉಲ್ಟಾ ದಿಕ್ಕಿನಿಂದಲೂ ಬರುತ್ತದೆ. ಬೆಲೆ ಇಳಿದಾಗ ಆದಾಯವೂ ಇಳಿಯಿತು, ಸ್ಥಿತಿಸ್ಥಾಪಕತ್ವದ ಬಗ್ಗೆ ಏನು ಹೇಳುತ್ತೀರಿ? ಬೆಲೆ ಮತ್ತು ಆದಾಯ ಒಂದೇ ದಿಕ್ಕಿಗೆ ಹೋದರೆ ಅಸ್ಥಿತಿಸ್ಥಾಪಕ, ವಿರುದ್ಧ ದಿಕ್ಕಿಗೆ ಹೋದರೆ ಸ್ಥಿತಿಸ್ಥಾಪಕ. ಇಷ್ಟು ನೆನಪಿದ್ದರೆ ಬೆಲೆ ಏರಿಕೆಯ ಪ್ರಶ್ನೆಗೆ ಬೇರೆ ನಿಯಮ ಬೇಕಾಗಿಲ್ಲ.

ಇದೇ ವಿಷಯವನ್ನು ವಿವರಣೆಯ ಪ್ರಶ್ನೆಯಾಗಿ ಕೇಳುವಾಗ ರೈತರ ಉದಾಹರಣೆ ಬರುತ್ತದೆ. ಫಸಲು ಚೆನ್ನಾಗಿ ಬಂದ ವರ್ಷ ರೈತರ ಒಟ್ಟು ಆದಾಯ ಕುಸಿಯುವುದು ಏಕೆ? ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸುರಿದಾಗ ಏನಾಗುತ್ತದೆ ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಲೆಕ್ಕಕ್ಕೆ ಒಂದು ಅಂಕಿ ಇಟ್ಟುಕೊಳ್ಳೋಣ. 1,000 ಬಾಕ್ಸ್ ಬರುವಾಗ ಬಾಕ್ಸಿಗೆ 300 ರೂಪಾಯಿ, 1,200 ಬಾಕ್ಸ್ ಬಂದ ದಿನ 200. ಎಲ್ಲ ರೈತರ ಕೈಗೆ ಮೊದಲು 3,00,000, ಆಮೇಲೆ 2,40,000. ಅಗ್ಗ ಆಯಿತು ಅಂತ ಯಾರೂ ಸಾರಿಗೆ ಎರಡು ಪಟ್ಟು ಟೊಮೆಟೊ ಹಾಕುವುದಿಲ್ಲ, ಅದಕ್ಕೇ ಬೇಡಿಕೆ ಅಸ್ಥಿತಿಸ್ಥಾಪಕ. ಇಷ್ಟು ಬರೆದರೆ ಉತ್ತರ ಸಾಕು. ಆದರೆ ಒಂದು ಸೂಕ್ಷ್ಮ ಇದೆ, ಪರೀಕ್ಷಕರು ಅದನ್ನೇ ಮುಂದಿನ ಪ್ರಶ್ನೆಯಾಗಿ ಕೇಳಬಹುದು. ಅಸ್ಥಿತಿಸ್ಥಾಪಕವಾಗಿರುವುದು ಇಡೀ ಮಾರುಕಟ್ಟೆಯ ಬೇಡಿಕೆ. ಒಬ್ಬ ರೈತ ತಂದ ಹತ್ತು ಬಾಕ್ಸಿನಿಂದ ಮಾರುಕಟ್ಟೆಯ ಬೆಲೆ ಅಲುಗುವುದಿಲ್ಲ, ಅವನ ಮಟ್ಟಿಗೆ ಬೇಡಿಕೆ ಪರಿಪೂರ್ಣ ಸ್ಥಿತಿಸ್ಥಾಪಕ, ಎಷ್ಟು ತಂದರೂ ಅಂದಿನ ದರಕ್ಕೆ ಹೋಗುತ್ತದೆ. ಹಾಗಾಗಿ ಅವನೊಬ್ಬ ಕಡಿಮೆ ತಂದರೆ ಅವನಿಗೇ ನಷ್ಟ, ಎಲ್ಲರೂ ಕಡಿಮೆ ತಂದರೆ ಎಲ್ಲರಿಗೂ ಲಾಭ. ಫಸಲು ಜಾಸ್ತಿಯಾಗಿ ಬೆಲೆ ಬಿದ್ದಿದೆ ಅಂತ ಗೊತ್ತಿದ್ದೂ ಪ್ರತಿಯೊಬ್ಬರೂ ತಮ್ಮ ಮಾಲು ತಂದು ಇಳಿಸುವುದು ಇದಕ್ಕೇ.

ಕೊನೆಯದಾಗಿ, ಪ್ರಶ್ನೆಯಲ್ಲಿ "ಆದಾಯ" ಇದೆಯೋ "ಲಾಭ" ಇದೆಯೋ ಅಂತ ಎರಡು ಸಲ ಓದಿ. ನಮ್ಮ ನಾಟಕ ಕಂಪನಿ ಪ್ರತಿ ಟಿಕೆಟ್ ಜೊತೆ 60 ರೂಪಾಯಿ ಖರ್ಚಿನ ಊಟವನ್ನೂ ಕೊಡಲು ಶುರುಮಾಡಿತು, ಜನ ಬರುವ ಲೆಕ್ಕ ಮಾತ್ರ ಮೊದಲಿನದೇ ಅಂದುಕೊಳ್ಳಿ. ದರ 150 ಇದ್ದಾಗ ಆದಾಯ 45,000, ಗರಿಷ್ಠ. ಆದರೆ 300 ಊಟಕ್ಕೆ 18,000 ಹೋಗಿ ಉಳಿಯುವುದು 27,000. ದರ 180 ಇದ್ದಾಗ ಆದಾಯ 43,200ಕ್ಕೆ ಕಡಿಮೆ, ಊಟದ ಖರ್ಚು 14,400, ಉಳಿಯುವುದು 28,800. ಅಂದರೆ 180ರಿಂದ 150ಕ್ಕೆ ಇಳಿಸಿದರೆ ಸ್ಥಿತಿಸ್ಥಾಪಕ ಬೇಡಿಕೆಯ ಕಾರಣ ಆದಾಯ 1,800 ಏರುತ್ತದೆ, ಲಾಭ ಅಷ್ಟೇ 1,800 ಇಳಿಯುತ್ತದೆ. ಅಸ್ಥಿತಿಸ್ಥಾಪಕ ಬೇಡಿಕೆ ಇದ್ದಾಗ ಈ ಗೊಂದಲ ಇಲ್ಲ, ಬೆಲೆ ಇಳಿಸಿದರೆ ಆದಾಯ ಇಳಿಯುತ್ತದೆ, ಜಾಸ್ತಿ ಮಾರಬೇಕಾದ್ದರಿಂದ ಖರ್ಚು ಏರುತ್ತದೆ, ಲಾಭ ಖಂಡಿತ ಬೀಳುತ್ತದೆ. ಸ್ಥಿತಿಸ್ಥಾಪಕ ಅಂತ ಇದ್ದಾಗ ಮಾತ್ರ, ಖರ್ಚಿನ ಅಂಕಿ ಕೊಡದೆ ಲಾಭದ ಬಗ್ಗೆ ಕೇಳಿದ್ದರೆ, "ಹೇಳಲಾಗದು" ಅನ್ನುವ ಆಯ್ಕೆಯೇ ಸರಿ ಉತ್ತರ.